ಜಾರುವ ತೊಟ್ಟಿಯಲ್ಲಿ ನೀರಿನ ಮಟ್ಟ

ಪ್ಲಾಸ್ಟಿಕ್ ಬಾಟಲಿಯ ತಳದ ಬಳಿ ತೂತು ಕೊರೆದು, ನೀರು ತುಂಬಿ, ಮುಚ್ಚಳ ತೆಗೆದರೆ ನೀರು ಚಿಮ್ಮತೊಡಗುತ್ತದೆ. ಅದೇ ಬಾಟಲಿಯನ್ನು ಮಹಡಿಯಿಂದ ಕೈಬಿಟ್ಟರೆ, ಬೀಳುವಷ್ಟು ಹೊತ್ತು ಚಿಮ್ಮುವುದು ನಿಂತುಹೋಗುತ್ತದೆ. ಮೇಲಕ್ಕೆ ಎಸೆದರೂ ಅಷ್ಟೇ: ಬಾಟಲಿ ಇನ್ನೂ ಏರುತ್ತಿರುವಾಗಲೇ ತೂತಿನ ಧಾರೆ ಕಡಿದುಬೀಳುತ್ತದೆ.

ನೀರಿನ ಒತ್ತಡ ಹುಟ್ಟುವುದು ಕೆಳಗಿನ ಪದರ ಮೇಲಿನ ಪದರವನ್ನು ಹೊರಬೇಕಾಗಿ ಬರುವುದರಿಂದ. ಬಾಟಲಿಯೂ ನೀರೂ ಒಟ್ಟಿಗೆ ಬೀಳುವಾಗ ಯಾರೂ ಯಾರನ್ನೂ ಹೊರಬೇಕಿಲ್ಲ. ಹಾಗಾಗಿ ಒತ್ತಡದ ಲೆಕ್ಕಕ್ಕೆ ಬೇಕಾದದ್ದು ಭೂಮಿಯ ಗುರುತ್ವವೊಂದೇ ಅಲ್ಲ. ಅದರಿಂದ ಪಾತ್ರೆಯ ವೇಗೋತ್ಕರ್ಷವನ್ನು, ದಿಕ್ಕನ್ನೂ ಗಮನಿಸಿ, ಕಳೆದಾಗ ಉಳಿಯುವುದು. ಅದನ್ನೇ ಪರಿಣಾಮಕಾರಿ ಗುರುತ್ವ ಎನ್ನುತ್ತಾರೆ.

ಲಿಫ್ಟಿನಲ್ಲಿ ಈ ಲೆಕ್ಕ ಸುಲಭ. ಒಂದು ಮೀಟರ್ ಆಳ ನೀರಿರುವ ತೊಟ್ಟಿಯ ತಳದಲ್ಲಿ, ಗಾಳಿಯ ಒತ್ತಡವನ್ನು ಬಿಟ್ಟರೆ, ಸುಮಾರು 9,800 ಪಾಸ್ಕಲ್ ಒತ್ತಡ ಇರುತ್ತದೆ. ಲಿಫ್ಟ್ ಸೆಕೆಂಡಿಗೆ ಸೆಕೆಂಡಿಗೆ ಒಂದು ಮೀಟರಿನಂತೆ ವೇಗ ಹೆಚ್ಚಿಸಿಕೊಳ್ಳುತ್ತ ಮೇಲೇರಲು ಹೊರಟಾಗ ಅದು 10,800ಕ್ಕೆ ಏರುತ್ತದೆ. ನಡುದಾರಿಯಲ್ಲಿ ವೇಗ ಒಂದೇ ಸಮನಾದಾಗ ಮತ್ತೆ 9,800. ಮೇಲಿನ ಮಹಡಿ ಸಮೀಪಿಸಿ ಅಷ್ಟೇ ದರದಲ್ಲಿ ನಿಧಾನವಾಗುವಾಗ 8,800. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ನೀರಿಗೆ ತಿಳಿಯುವುದೇ ಇಲ್ಲ. ವೇಗದ ಬದಲಾವಣೆ ಮಾತ್ರ ತಿಳಿಯುತ್ತದೆ. ಜರ್ಮನಿಯ ಬ್ರೆಮೆನ್ ನಗರದಲ್ಲಿ ಇದರ ತುತ್ತತುದಿಯನ್ನೇ ಕಾಣಬಹುದು. ಅಲ್ಲಿನ ಗೋಪುರದಲ್ಲಿ ಗಾಳಿ ತೆಗೆದ ಕೊಳವೆಯೊಳಗೆ ಪ್ರಯೋಗದ ಪೆಟ್ಟಿಗೆ 110 ಮೀಟರ್ ಬೀಳುತ್ತದೆ. ಆ 4.74 ಸೆಕೆಂಡುಗಳಲ್ಲಿ ಒಳಗಿನ ದ್ರವಕ್ಕೆ ತೂಕವೆಂಬುದು ಇರುವುದಿಲ್ಲವೆಂದೇ ಹೇಳಬಹುದು. ಅದರ ಆಕಾರವನ್ನು ತೀರ್ಮಾನಿಸುವುದು ಮೇಲ್ಮೈ ಎಳೆತ.

ಇಳಿಜಾರಿನ ಕಥೆ ಇದಕ್ಕಿಂತ ಸ್ವಾರಸ್ಯದ್ದು. 30 ಡಿಗ್ರಿ ಓರೆಯ, ಘರ್ಷಣೆಯೇ ಇಲ್ಲದಷ್ಟು ನುಣುಪಾದ ಇಳಿಜಾರಿನ ಮೇಲೆ ಒಂದು ಮೀಟರ್ ಉದ್ದದ ಚೌಕ ತೊಟ್ಟಿಯನ್ನು ಹಗ್ಗದಿಂದ ಹಿಡಿದು ನಿಲ್ಲಿಸಲಾಗಿದೆ ಎಂದುಕೊಳ್ಳೋಣ. ಅದರಲ್ಲಿರುವ ನೀರಿನ ಸರಾಸರಿ ಆಳ, ತಳಕ್ಕೆ ಲಂಬವಾಗಿ ಅಳೆದರೆ, 40 ಸೆಂಟಿಮೀಟರ್. ಮೇಲ್ಮೈ ನೆಲಕ್ಕೆ ಸಮತಟ್ಟಾಗಿರುವುದರಿಂದ ನೀರೆಲ್ಲ ಕೆಳಬದಿಗೆ ವಾಲಿರುತ್ತದೆ. ಆ ಗೋಡೆಯ ಮೇಲೆ ನೀರು ಸುಮಾರು 69 ಸೆಂಟಿಮೀಟರ್ ಏರಿದ್ದರೆ, ಮೇಲ್ಬದಿಯ ಗೋಡೆಯಲ್ಲಿ ಬರೀ 11. ಕೆಳಮೂಲೆಯ ಒತ್ತಡ ಸುಮಾರು 5,840 ಪಾಸ್ಕಲ್, ಮೇಲ್ಮೂಲೆಯದು 940.

ಈಗ ಹಗ್ಗ ಬಿಡಿ. ಇಳಿಜಾರಿನ ಉದ್ದಕ್ಕೆ ಗುರುತ್ವದ ಎಷ್ಟು ಪಾಲು ಎಳೆಯುತ್ತದೋ, ತೊಟ್ಟಿ ಅಷ್ಟೇ ವೇಗೋತ್ಕರ್ಷದಿಂದ ಜಾರುತ್ತದೆ. ಹಾಗಾಗಿ ಆ ಪಾಲು ಪೂರ್ತಿ ಕಳೆದುಹೋಗಿ, ಇಳಿಜಾರಿಗೆ ಲಂಬವಾದ ಪಾಲು ಮಾತ್ರ ಉಳಿಯುತ್ತದೆ. ಅದರ ಮೌಲ್ಯ g cos θ. 30 ಡಿಗ್ರಿಗೆ ಸುಮಾರು 8.49. ತೊಟ್ಟಿಯೊಳಗೆ ‘ಕೆಳಗೆ’ ಎಂದರೆ ಇನ್ನು ಮುಂದೆ ಭೂಮಿಯ ಕಡೆಗಲ್ಲ, ತೊಟ್ಟಿಯ ತಳದ ಕಡೆಗೆ. ನೀರಿನ ಮೇಲ್ಮೈ ಇಳಿಜಾರಿಗೆ ಸಮಾನಾಂತರವಾಗಿ ಒರಗುತ್ತದೆ, ಆಳ ಎಲ್ಲೆಡೆ 40 ಸೆಂಟಿಮೀಟರ್ ಆಗುತ್ತದೆ. ನೀರಿನ ಗುಳ್ಳೆಯೂ ನೇರ ಮೇಲಕ್ಕೇಳದೆ ತಳಕ್ಕೆ ಲಂಬವಾಗಿ ಏಳುತ್ತದೆ. ತಳದ ಒತ್ತಡ ಈ ತುದಿಯಿಂದ ಆ ತುದಿಯವರೆಗೂ ಒಂದೇ: ಸುಮಾರು 3,390 ಪಾಸ್ಕಲ್.

ಹಿಂದಿನ ಎರಡು ಮೂಲೆಗಳ ಒತ್ತಡದ ಸರಾಸರಿಯೂ ಇದೇ. ಇದು ಆಕಸ್ಮಿಕವಲ್ಲ. ತೊಟ್ಟಿ ನಿಂತಿರಲಿ, ಜಾರಲಿ, ನೀರಿನ ತೂಕದಲ್ಲಿ ಇಳಿಜಾರಿಗೆ ಲಂಬವಾದ ಪಾಲನ್ನು ತಳ ಹೊರಲೇಬೇಕು. ಒಟ್ಟು ಹೊರೆ ಬದಲಾಗದೆ ಅದರ ಹಂಚಿಕೆ ಮಾತ್ರ ಬದಲಾಯಿತು. ನಿಜವಾದ ಬದಲಾವಣೆ ಆಗಿದ್ದು ಗೋಡೆಗಳಲ್ಲಿ. ನಿಂತಿದ್ದಾಗ ನೀರು ಜಾರದಂತೆ ಕೆಳಗೋಡೆ ಜೋರಾಗಿ ಅದುಮಿ ತಡೆಯಬೇಕಿತ್ತು. ಈಗ ನೀರು ತಾನಾಗಿಯೇ ತೊಟ್ಟಿಯ ಜೊತೆಜೊತೆಗೆ ಇಳಿಯುತ್ತಿದೆ, ಆದ್ದರಿಂದ ಮೇಲಿನ ಗೋಡೆಗೂ ಕೆಳಗಿನ ಗೋಡೆಗೂ ಬೀಳುವ ಬಲ ಸರಿಸಮ.

ಈ ಲೆಕ್ಕ ಹೊಂದುವುದು ನೀರು ನೆಲೆಗೊಂಡ ಮೇಲೆ ಮಾತ್ರ. ಹಗ್ಗ ಬಿಟ್ಟ ತಕ್ಷಣ ಕೆಳಬದಿಯ ನೀರು ಮೇಲ್ಬದಿಗೆ ನುಗ್ಗಿ, ಅಲ್ಲಿಂದ ಮರಳಿ, ಕೆಲಹೊತ್ತು ತುಳುಕಾಡುತ್ತದೆ. ತುಳುಕು ಅಡಗುವ ಮೊದಲೇ ಇಳಿಜಾರು ಮುಗಿದರೆ ಸಮಾನಾಂತರ ಮೇಲ್ಮೈ ಕಾಣಸಿಗುವುದೇ ಇಲ್ಲ.

ಇನ್ನು ಘರ್ಷಣೆಯೇ ಇಲ್ಲದ ಇಳಿಜಾರು ಲೋಕದಲ್ಲಿ ಎಲ್ಲಿಯೂ ಇಲ್ಲ. ಘರ್ಷಣೆ ಇದ್ದಾಗ ತೊಟ್ಟಿ ತುಸು ನಿಧಾನವಾಗಿ ಜಾರುತ್ತದೆ, ಇಳಿಜಾರಿನ ಉದ್ದಕ್ಕಿರುವ ಗುರುತ್ವ ಪೂರ್ತಿ ಕಳೆಯುವುದಿಲ್ಲ, ನೀರು ಸ್ವಲ್ಪ ಕೆಳಬದಿಗೆ ವಾಲಿಯೇ ಇರುತ್ತದೆ. ಆ ವಾಲು ಎಷ್ಟೆಂಬುದು ಇಳಿಜಾರಿನ ಓರೆಯನ್ನು ಅವಲಂಬಿಸಿಲ್ಲ ಎಂಬುದೇ ಇಲ್ಲಿನ ಚೆಂದ. ಮೇಲ್ಮೈ ಮತ್ತು ಇಳಿಜಾರಿನ ನಡುವಿನ ಕೋನದ ಟ್ಯಾನ್ ಬೆಲೆಯೇ ಘರ್ಷಣಾಂಕ. ಗಾಜಿನ ತೊಟ್ಟಿ ಜಾರುವಾಗ ಚಿತ್ರ ತೆಗೆದು ನೋಡಿದಾಗ ಆ ಕೋನ 11 ಡಿಗ್ರಿ ಬಂದರೆ ಘರ್ಷಣಾಂಕ ಸುಮಾರು 0.2. ಅದು 0.58ರಷ್ಟಿದ್ದರೆ 30 ಡಿಗ್ರಿಯ ಇಳಿಜಾರಿನಲ್ಲಿ ಒಮ್ಮೆ ತಳ್ಳಿದ ತೊಟ್ಟಿ ಬದಲಾಗದ ವೇಗದಲ್ಲಿ ಇಳಿಯುತ್ತದೆ, ನೀರಿನ ಮೇಲ್ಮೈ ನೆಲಕ್ಕೆ ಸಮತಟ್ಟಾಗಿರುತ್ತದೆ.