117ನೇ ದಿನಕ್ಕೆ ಉಳಿಯುವ ಲಾಗ್

2019ರ ಜುಲೈ 17ರಂದು ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿಗೆ ಹೊರಗಿನವರೊಬ್ಬರಿಂದ ಇಮೇಲ್ ಬಂತು. ನಿಮ್ಮದೆಂದು ಕಾಣುವ ಮಾಹಿತಿ ಗಿಟ್‌ಹಬ್‌ನಲ್ಲಿ ಬಿದ್ದಿದೆ, ನೋಡಿಕೊಳ್ಳಿ ಎಂಬುದು ಅದರ ಸಾರ. ಬ್ಯಾಂಕಿನವರು ಹೋಗಿ ನೋಡಿದರೆ ಅಲ್ಲೊಂದು ಫೈಲ್, ಅದರೊಳಗೆ ತಮ್ಮದೇ ಕ್ಲೌಡ್ ಖಾತೆಯ ದತ್ತಾಂಶ ಹೊರಗೆಳೆಯುವ ಮೂರು ಕಮಾಂಡ್‌ಗಳು. ಮೊದಲನೆಯದು ಫೈರ್‌ವಾಲ್‌ಗೆ ಕೊಟ್ಟಿದ್ದ ಅಧಿಕಾರದ ಕೀಲಿಯನ್ನು ಪಡೆಯುವುದಕ್ಕೆ, ಎರಡನೆಯದು ಖಾತೆಯಲ್ಲಿರುವ ಬಕೆಟ್‌ಗಳ ಪಟ್ಟಿ ಕೇಳುವುದಕ್ಕೆ, ಮೂರನೆಯದು ಅವುಗಳಲ್ಲಿದ್ದುದನ್ನು ನಕಲು ಮಾಡಿಕೊಳ್ಳುವುದಕ್ಕೆ. ಅಮೆರಿಕ ಮತ್ತು ಕೆನಡಾ ಸೇರಿ ಸುಮಾರು 10.6 ಕೋಟಿ ಜನರ ಮಾಹಿತಿ ಆ ದಾರಿಯಲ್ಲಿ ಹೊರಗೆ ಹೋಗಿತ್ತು.

ಯಾವಾಗ ಹೋಯಿತು ಎಂಬುದನ್ನು ಹೇಳಿದ್ದು ಬ್ಯಾಂಕಿನ ಲಾಗ್‌ಗಳು. ಫೈರ್‌ವಾಲ್‌ನ ಅಧಿಕಾರ ಬಳಸಿ, ಗುರುತು ಮರೆಮಾಚುವ ಟಾರ್ ಜಾಲದ ಮೂಲಕ ಯಾರೋ ಬಕೆಟ್‌ಗಳ ಪಟ್ಟಿ ಕೇಳಿದ್ದು ಮಾರ್ಚ್ 22ರಂದು ಎಂದು ಎಫ್‌ಬಿಐ ನ್ಯಾಯಾಲಯಕ್ಕೆ ಸಲ್ಲಿಸಿದ ದೂರಿನಲ್ಲಿದೆ. ಮಾರ್ಚ್ 22ರಿಂದ ಜುಲೈ 17ಕ್ಕೆ ಎಣಿಸಿದರೆ 117 ದಿನ.

ಈ 117 ದಿನಗಳನ್ನು ಇನ್ನೊಂದು ಸಂಖ್ಯೆಯ ಪಕ್ಕದಲ್ಲಿ ಇಟ್ಟು ನೋಡಬೇಕು. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನಲ್ಲಿ ಖಾತೆ ತೆರೆದ ಯಾರಿಗೇ ಆದರೂ ಕ್ಲೌಡ್‌ಟ್ರೇಲ್ ಎಂಬ ಸೇವೆ ತಾನಾಗಿಯೇ ಸಿಗುತ್ತದೆ. ಯಾವ ಬಳಕೆದಾರ, ಎಷ್ಟು ಹೊತ್ತಿಗೆ, ಯಾವ ಐಪಿ ವಿಳಾಸದಿಂದ, ಏನು ಮಾಡಿದ ಎಂಬುದನ್ನು ಅದು ಬರೆದಿಡುತ್ತದೆ. ಹಣ ಕೊಡಬೇಕಿಲ್ಲ, ಏನನ್ನೂ ಆನ್ ಮಾಡಬೇಕಿಲ್ಲ. ಆದರೆ ಈ ಪುಕ್ಕಟೆ ಇತಿಹಾಸ ಹಿಂದಕ್ಕೆ ಹೋಗುವುದು 90 ದಿನ ಮಾತ್ರ. ಜುಲೈ 17ರಂದು 90 ದಿನದ ಇತಿಹಾಸವಷ್ಟೇ ಕೈಯಲ್ಲಿದ್ದ ಕಂಪನಿಗೆ ಏಪ್ರಿಲ್ ಮೂರನೇ ವಾರದ ಹಿಂದಿನದು ಏನೂ ಕಾಣುವುದಿಲ್ಲ. ಮಾರ್ಚ್‌ನಲ್ಲಿ ಕಳವಾಯಿತೇ ಎಂದು ಕೇಳಿದರೆ ಗೊತ್ತಿಲ್ಲ ಎನ್ನಬೇಕಾಗುತ್ತದೆ.

ಪುಕ್ಕಟೆ ಇತಿಹಾಸಕ್ಕೆ ಇನ್ನೊಂದು ಕೊರತೆಯಿದೆ, ನನ್ನ ಲೆಕ್ಕದಲ್ಲಿ ಇದು 90 ದಿನಕ್ಕಿಂತ ದೊಡ್ಡದು. ಕ್ಲೌಡ್‌ಟ್ರೇಲ್ ಆಡಳಿತದ ಕೆಲಸವನ್ನೂ ದತ್ತಾಂಶದ ಕೆಲಸವನ್ನೂ ಬೇರೆ ಬೇರೆ ಜಾತಿಯಾಗಿ ನೋಡುತ್ತದೆ. ಸರ್ವರ್ ಶುರು ಮಾಡುವುದು, ಬಳಕೆದಾರರನ್ನು ಸೇರಿಸುವುದು, ಬಕೆಟ್‌ಗಳ ಪಟ್ಟಿ ಕೇಳುವುದು ಇವೆಲ್ಲ ಆಡಳಿತದ ಕೆಲಸ, ಇವು ತಾವಾಗಿಯೇ ದಾಖಲಾಗುತ್ತವೆ. ಬಕೆಟ್‌ನೊಳಗಿನ ಒಂದು ಫೈಲನ್ನು ತೆರೆದು ಓದುವುದು, ಇಳಿಸಿಕೊಳ್ಳುವುದು ದತ್ತಾಂಶದ ಕೆಲಸ. ಅದನ್ನು ಬರೆದಿಡು ಎಂದು ನೀವಾಗಿ ಹೇಳದ ಹೊರತು ಬರೆಯುವುದಿಲ್ಲ. ಅಂದರೆ ಕ್ಯಾಪಿಟಲ್ ಒನ್‌ನಂಥ ಕಳವು ಮಾಮೂಲಿ ಖಾತೆಯೊಂದರಲ್ಲಿ ನಡೆದರೆ ಕಳ್ಳ ಬಕೆಟ್‌ಗಳ ಪಟ್ಟಿ ಕೇಳಿದ್ದು `ListBuckets` ಎಂಬ ಹೆಸರಿನಲ್ಲಿ ಲಾಗ್‌ಗೆ ಬೀಳುತ್ತದೆ. ಆಮೇಲೆ ಕೋಟಿಗಟ್ಟಲೆ ಜನರ ಅರ್ಜಿಗಳನ್ನು ಇಳಿಸಿಕೊಂಡದ್ದು, ಅಂದರೆ ಸಾವಿರಾರು `GetObject` ಕರೆಗಳು, ಎಲ್ಲೂ ಇರುವುದಿಲ್ಲ.

ಹಾಗಾದರೆ ಎಲ್ಲ ಬಕೆಟ್‌ಗಳಿಗೂ ದತ್ತಾಂಶದ ಲಾಗ್ ಆನ್ ಮಾಡಿಬಿಡಬಹುದಲ್ಲ? ಇಲ್ಲಿ ದುಡ್ಡಿನ ಮಾತು ಬರುತ್ತದೆ. ಆಡಳಿತದ ಲಾಗಿನ ಮೊದಲ ಪ್ರತಿಯನ್ನು ಬಕೆಟ್‌ಗೆ ತಲುಪಿಸಲು ಎಡಬ್ಲ್ಯುಎಸ್ ಶುಲ್ಕ ಕೇಳುವುದಿಲ್ಲ, ಇಟ್ಟುಕೊಳ್ಳುವ ಜಾಗಕ್ಕಷ್ಟೇ ಬಾಡಿಗೆ. ದತ್ತಾಂಶದ ಲಾಗಿಗಾದರೆ ಪ್ರತಿ ಲಕ್ಷ ನಮೂದಿಗೆ 10 ಸೆಂಟ್. ಕೇಳಲು ಏನೂ ಅಲ್ಲ. ಆದರೆ ದಿನಕ್ಕೆ 10 ಕೋಟಿ ಸಲ ಫೈಲ್ ಓದುವ ಆ್ಯಪ್ ಇದ್ದರೆ ಲಾಗಿಗೇ ದಿನಕ್ಕೆ 100 ಡಾಲರ್ ಆಯಿತು. ಹಾಗಾಗಿ ತಿಳಿದವರು ಉತ್ಪನ್ನದ ಚಿತ್ರಗಳಿರುವ ಬಕೆಟ್ ಬಿಟ್ಟು, ಗ್ರಾಹಕರ ದಾಖಲೆಗಳಿರುವ ಬಕೆಟ್‌ಗೆ ಮಾತ್ರ ಆನ್ ಮಾಡುತ್ತಾರೆ. ಯಾವುದನ್ನು ಬಿಟ್ಟೆವು, ಏಕೆ ಬಿಟ್ಟೆವು ಎಂದು ಒಂದು ಪುಟದಲ್ಲಿ ಬರೆದೂ ಇಡುತ್ತಾರೆ. ಆಡಿಟರ್ ಆ ಪುಟವನ್ನು ಕೇಳದೆ ಬಿಡುವುದಿಲ್ಲ.

ಎಷ್ಟು ಕಾಲ ಇಡಬೇಕು? ಭಾರತದಲ್ಲಿ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು ಹಿಂದಿನ 180 ದಿನಗಳ ಮಟ್ಟಿಗೆ ಸದಾ ಇಟ್ಟುಕೊಂಡಿರಬೇಕು. 90 ದಿನದ ಪುಕ್ಕಟೆ ಇತಿಹಾಸ ಅಲ್ಲಿಗೇ ಸೋತಿತು. ಕಾರ್ಡ್ ಪಾವತಿ ಮುಟ್ಟುವವರಿಗೆ ಅನ್ವಯವಾಗುವ ಪಿಸಿಐ ಮಾನದಂಡ ಕೇಳುವುದು 12 ತಿಂಗಳು, ಅದರಲ್ಲಿ ಇತ್ತೀಚಿನ ಮೂರು ತಿಂಗಳಿನದು ಕೇಳಿದ ತಕ್ಷಣ ಸಿಗುವಂತಿರಬೇಕು.

ಹನ್ನೆರಡು ತಿಂಗಳು ಎಂದ ಕೂಡಲೇ ಸರಿಯಾಗಿ 365 ದಿನಕ್ಕೆ ಅಳಿಸುವ ನಿಯಮ ಹಾಕುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಆಡಿಟ್ ಅವಧಿ ಏಪ್ರಿಲ್‌ನಿಂದ ಮಾರ್ಚ್. ಆಡಿಟರ್ ಬಂದು ಕೂರುವುದು ಅವಧಿ ಮುಗಿದ ಮೇಲೆ, ಮೇ ತಿಂಗಳಲ್ಲಿ. ಅವರು ಕಳೆದ ವರ್ಷದ ಏಪ್ರಿಲ್ 3ರ ನಮೂದು ಕೇಳಿದರೆ ಅದಕ್ಕಾಗಲೇ 13 ತಿಂಗಳು ವಯಸ್ಸು, ಅದು ಹಿಂದಿನ ತಿಂಗಳೇ ಅಳಿಸಿಹೋಗಿದೆ. ನಿಯಮ ಮುರಿದಿಲ್ಲ, ಆದರೂ ತೋರಿಸಲು ಏನೂ ಇಲ್ಲ. ಹದಿನೈದು ತಿಂಗಳೋ ಹದಿನೆಂಟೋ ಇಟ್ಟರೆ ಈ ಪೇಚು ಇಲ್ಲ.

ಈಗ ಆಡಿಟರ್ ಮೇಜಿಗೆ ಬರೋಣ. ಹೊರಗಿನಿಂದ ನೋಡುವವರಿಗೆ ಅವರು ಯಾರು ಏನು ತಪ್ಪು ಮಾಡಿದರು ಎಂದು ಹುಡುಕುತ್ತಾರೆ ಅನ್ನಿಸುತ್ತದೆ. ಅವರ ಮೊದಲ ಅರ್ಧ ದಿನದ ಪ್ರಶ್ನೆಗಳೆಲ್ಲ ಲಾಗಿನ ಬಗ್ಗೆಯೇ ಇರುತ್ತವೆ. ಕಂಪನಿಗೆ ಒಟ್ಟು ಎಷ್ಟು ಕ್ಲೌಡ್ ಖಾತೆಗಳಿವೆ, ಬಿಲ್ಲಿನ ಪ್ರಕಾರ ಎಷ್ಟಿವೆ, ಲಾಗ್ ಬರುತ್ತಿರುವುದು ಎಷ್ಟರಿಂದ? ಯಾರೋ ಎರಡು ವರ್ಷದ ಹಿಂದೆ ಪ್ರಯೋಗಕ್ಕೆಂದು ತೆರೆದ ಖಾತೆ ಈ ಹೋಲಿಕೆಯಲ್ಲೇ ಸಿಕ್ಕಿಬೀಳುತ್ತದೆ. ಎಲ್ಲ ಪ್ರದೇಶಗಳೂ ಸೇರಿವೆಯೇ? ನಮ್ಮ ಕೆಲಸವೆಲ್ಲ ಮುಂಬೈ ಪ್ರದೇಶದಲ್ಲಿ, ಅದರ ಲಾಗ್ ಸಾಕು ಎಂದರೆ ಒಪ್ಪುವುದಿಲ್ಲ. ಹೊಸ ಬಳಕೆದಾರನನ್ನು ಸೃಷ್ಟಿಸಿದ್ದು ಎಡಬ್ಲ್ಯುಎಸ್‌ನಲ್ಲಿ ದಾಖಲಾಗುವುದು ಅಮೆರಿಕದ ವರ್ಜೀನಿಯಾ ಪ್ರದೇಶದ ಲಾಗಿನಲ್ಲಿ. ಮುಂಬೈಯದನ್ನಷ್ಟೇ ನೋಡುವವರಿಗೆ ಆ ಹೊಸಬ ಕಾಣುವುದೇ ಇಲ್ಲ.

ಆಮೇಲಿನ ಪ್ರಶ್ನೆ, ಲಾಗನ್ನೇ ಯಾರು ಅಳಿಸಬಲ್ಲರು? ಯಾರ ಕೆಲಸ ದಾಖಲಾಗುತ್ತದೋ ಅವರ ಕೈಯಲ್ಲೇ ಲಾಗ್ ಇರುವ ಬಕೆಟ್‌ನ ಕೀಲಿಯೂ ಇದ್ದರೆ ಆ ಲಾಗಿಗೆ ಬೆಲೆ ಕಡಿಮೆ. ಅದಕ್ಕೇ ಲಾಗ್‌ಗಳನ್ನು ಬೇರೆಯದೇ ಖಾತೆಗೆ ಕಳಿಸಿ, ಅಲ್ಲಿನ ಬಕೆಟ್‌ಗೆ ಆಬ್ಜೆಕ್ಟ್ ಲಾಕ್ ಹಾಕುತ್ತಾರೆ. ಅದರ ಕಂಪ್ಲಯನ್ಸ್ ಎಂಬ ಬಗೆಯಲ್ಲಿ ಅವಧಿ ಮುಗಿಯುವ ತನಕ ಖಾತೆಯ ಒಡೆಯನಾದ ರೂಟ್ ಬಳಕೆದಾರನೂ ಫೈಲ್ ಅಳಿಸಲಾರ.

ಅಳಿಸಿಲ್ಲ ಎಂದು ಸಾಬೀತು ಮಾಡುವುದು ಇನ್ನೊಂದು ಕೆಲಸ. ಸರ್ಕಾರಿ ಕಚೇರಿಯ ರಿಜಿಸ್ಟರಿನ ಮೊದಲ ಪುಟದಲ್ಲಿ ಈ ಪುಸ್ತಕದಲ್ಲಿ ಇಷ್ಟು ಪುಟಗಳಿವೆ ಎಂದು ಬರೆದು, ಪ್ರತಿ ಪುಟಕ್ಕೂ ಸಂಖ್ಯೆ ಹಾಕಿ, ಮೇಲಧಿಕಾರಿ ಸಹಿ ಮಾಡಿರುತ್ತಾರಲ್ಲ, ಡೈಜೆಸ್ಟ್ ಫೈಲ್ ಮಾಡುವುದು ಅದನ್ನೇ. ಲಾಗ್ ಪರಿಶೀಲನೆ ಆನ್ ಆಗಿದ್ದರೆ ಕ್ಲೌಡ್‌ಟ್ರೇಲ್ ಗಂಟೆಗೊಂದು ಡೈಜೆಸ್ಟ್ ಬರೆಯುತ್ತದೆ. ಆ ಗಂಟೆಯ ಲಾಗ್ ಫೈಲ್‌ಗಳ ಹೆಸರು, ಪ್ರತಿಯೊಂದರ ಹ್ಯಾಶ್, ಹಿಂದಿನ ಡೈಜೆಸ್ಟಿನ ಸಹಿ ಅದರಲ್ಲಿರುತ್ತವೆ. ಒಂದು ಅಕ್ಷರ ಬದಲಾದರೂ ಹ್ಯಾಶ್ ಕೂಡುವುದಿಲ್ಲ, ನಡುವಿನ ಒಂದು ಡೈಜೆಸ್ಟ್ ತೆಗೆದರೆ ಸರಪಳಿ ಕಡಿಯುತ್ತದೆ. ಯಾರೂ ಏನೂ ಮಾಡದ ಗಂಟೆಗೂ ಖಾಲಿ ಡೈಜೆಸ್ಟ್ ಬರುತ್ತದೆ ಎಂಬುದು ಇದರ ಜಾಣತನ. ಭಾನುವಾರ ರಾತ್ರಿ ಲಾಗ್ ಇಲ್ಲದಿದ್ದರೆ ಏನೂ ನಡೆಯಲಿಲ್ಲವೋ ಅಥವಾ ಯಾರೋ ಅಳಿಸಿದರೋ ಎಂಬ ಅನುಮಾನ ಉಳಿಯುವುದಿಲ್ಲ. ಆಡಿಟರ್ ಎದುರಿಗೇ ಈ ಕಮಾಂಡ್ ಕೊಡಿಸುತ್ತಾರೆ:

```
aws cloudtrail validate-logs \
  --trail-arn <trail-arn> \
  --start-time 2024-11-01T00:00:00Z
```

ಇಲ್ಲಿ ಬಯಲಾಗುವ ಅಳಿಸುವಿಕೆ ಬಹಳ ಸಲ ಕಿಡಿಗೇಡಿಗಳದ್ದಲ್ಲ. ಬಿಲ್ ಜಾಸ್ತಿ ಬಂತೆಂದು ಯಾರೋ ಬಕೆಟ್‌ಗೆ 90 ದಿನದ ಲೈಫ್‌ಸೈಕಲ್ ನಿಯಮ ಹಾಕಿ ಮರೆತಿರುತ್ತಾರೆ. ಆ ನಿಯಮದ ಪ್ರಕಾರ ಫೈಲ್ ಅಳಿಸುವುದು ಎಡಬ್ಲ್ಯುಎಸ್ ತಾನೇ ಆದ್ದರಿಂದ ಪ್ರತಿ ಅಳಿಸುವಿಕೆ ಕ್ಲೌಡ್‌ಟ್ರೇಲ್‌ನಲ್ಲಿ ಕಾಣುವುದಿಲ್ಲ. ನಿಯಮ ಹಾಕಿದ ಗಳಿಗೆ ಮಾತ್ರ ದಾಖಲಾಗಿರುತ್ತದೆ, ಆ ದಾಖಲೆಯೂ ಅಳಿಸಿಹೋಗಿರದಿದ್ದರೆ.

ಇಷ್ಟಾದ ಮೇಲೆ ಆಡಿಟರ್ ಕೆಲವು ನಮೂದುಗಳನ್ನು ತಾವೇ ಆರಿಸುತ್ತಾರೆ. ಆರಿಸಿಕೊಡುವುದು ನಿಮ್ಮ ಕೆಲಸವಲ್ಲ. ಒಂದನ್ನು ಹಿಡಿದು ನೋಡೋಣ. ನವೆಂಬರ್ 15ರ ನಸುಕಿನಲ್ಲಿ ಯಾರೋ ಡೇಟಾಬೇಸಿನ 3306ನೇ ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿದ್ದಾರೆ ಎಂದುಕೊಳ್ಳಿ. ಎಂಜಿನಿಯರ್ 15ರ ಫೋಲ್ಡರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಸಿಗುವುದು 14ರದರಲ್ಲಿ:

```
"eventTime": "2024-11-14T20:47:11Z",
"eventName": "AuthorizeSecurityGroupIngress",
"awsRegion": "ap-south-1",
"sourceIPAddress": "203.0.113.25",
"userIdentity": {
  "type": "AssumedRole",
  "arn": "arn:aws:sts::111122223333:assumed-role/DeployRole/session1"
}
```

ಕ್ಲೌಡ್‌ಟ್ರೇಲ್ ಬರೆಯುವುದು ಯುಟಿಸಿ ಸಮಯ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ಗಡಿಯಾರದಲ್ಲಿ 15ನೇ ತಾರೀಖು ಬೆಳಗಿನ ಜಾವ 2.17.

ಮಾಡಿದವರು ಯಾರು? ನಮೂದಿನಲ್ಲಿರುವುದು `DeployRole` ಎಂಬ ಪಾತ್ರದ ಹೆಸರು, ಮನುಷ್ಯನದಲ್ಲ. ಆ ಪಾತ್ರವನ್ನು ವಹಿಸಿಕೊಂಡವರನ್ನು ಹುಡುಕಲು ಇನ್ನೂ ಹಿಂದಕ್ಕೆ ಹೋಗಿ `AssumeRole` ನಮೂದು ತೆಗೆಯಬೇಕು. ಆಗ ಕೊಟ್ಟ ತಾತ್ಕಾಲಿಕ ಕೀಲಿಯ ಸಂಖ್ಯೆ `ASIA` ಎಂದು ಶುರುವಾಗುತ್ತದೆ, ಪೋರ್ಟ್ ತೆರೆದ ಪೂರ್ತಿ ನಮೂದಿನಲ್ಲೂ ಅದೇ ಸಂಖ್ಯೆ ಇರುತ್ತದೆ. ಎರಡನ್ನೂ ಹೊಂದಿಸಿದರೆ ಮೂಲ ಬಳಕೆದಾರನ ಹೆಸರು ಸಿಗುತ್ತದೆ. ಅಲ್ಲಿ ಒಬ್ಬ ಎಂಜಿನಿಯರಿನ ಹೆಸರಿದ್ದರೆ ಆಡಿಟರ್ ಮುಂದಿನ ಕಾಗದ ಕೇಳುತ್ತಾರೆ: ಈ ಬದಲಾವಣೆಗೆ ಟಿಕೆಟ್ ಎಲ್ಲಿ, ಒಪ್ಪಿಗೆ ಕೊಟ್ಟವರು ಯಾರು, ಕೊಟ್ಟ ಹೊತ್ತು 2.17ಕ್ಕೆ ಮೊದಲೋ ಆಮೇಲೋ? ಪೋರ್ಟ್ ತೆರೆದಾಗ ಎಚ್ಚರಿಕೆ ಹೊಡೆಯಿತೇ, ಹೊಡೆದಿದ್ದರೆ ಅದನ್ನು ಮುಚ್ಚಿದವರು ಯಾರು, ಏನೆಂದು ಬರೆದು ಮುಚ್ಚಿದರು?

ಅಲ್ಲಿ `admin` ಎಂದಿದ್ದು, ಆ ಪಾಸ್‌ವರ್ಡ್ ತಂಡದ ನಾಲ್ವರ ಬಳಿಯೂ ಇದ್ದರೆ ಹುಡುಕಾಟ ನಿಂತಿತು. ಐಪಿ ವಿಳಾಸ ಕಚೇರಿಯ ವಿಪಿಎನ್‌ನದು, ನಾಲ್ವರಿಗೂ ಒಂದೇ. ಲಾಗ್ ಪೂರ್ತಿಯಿದೆ, ಹ್ಯಾಶ್ ಕೂಡುತ್ತದೆ, ಅವಧಿಯೂ ಸಾಕಷ್ಟಿದೆ. ಆದರೂ ಆಡಿಟರ್ ಆ ಸಾಲಿನ ಮುಂದೆ ‘ವ್ಯಕ್ತಿಯನ್ನು ಗುರುತಿಸಲಾಗಿಲ್ಲ’ ಎಂದು ಬರೆದು, `admin` ಹೆಸರಿನಲ್ಲಿ ವರ್ಷವಿಡೀ ನಡೆದ ಕೆಲಸಗಳ ಪೂರ್ತಿ ಪಟ್ಟಿ ಕೇಳುತ್ತಾರೆ.