ತಪ್ಪು ಮೊತ್ತದ ಮೇಲ್ ಹೋಯಿತೇ? ನಾಲ್ಕು ಸಾಲು ಸಾಕು

ಕೊಟೇಶನ್ ಕಳಿಸಿಯಾದ ಮೇಲೆ, 45,800 ರೂಪಾಯಿ ಇರಬೇಕಾದಲ್ಲಿ 48,500 ಎಂದಿರುವುದು ಕಣ್ಣಿಗೆ ಬೀಳುತ್ತದೆ. ಕಳಿಸಿದ್ದನ್ನು ತಡೆಯಲು ಜಿಮೇಲ್ ಕೊಡುವುದು ಹೆಚ್ಚೆಂದರೆ 30 ಸೆಕೆಂಡು. ಅದು ದಾಟಿದರೆ ತಿದ್ದುಪಡಿಯ ಮೇಲ್ ಒಂದೇ ದಾರಿ.

ಬರೆಯುವ ಮುನ್ನ ಆ ಅಂಕಿಯನ್ನು ನೆಚ್ಚಿಕೊಂಡ ಉಳಿದ ಅಂಕಿಗಳನ್ನೂ ನೋಡಿ. ಶೇ 18ರ ಜಿಎಸ್‌ಟಿ ಸೇರಿದರೆ ಒಟ್ಟು ಮೊತ್ತ 57,230 ಅಲ್ಲ, 54,044. ಮೂಲ ಬೆಲೆಯನ್ನಷ್ಟೇ ತಿದ್ದಿ ಒಟ್ಟು ಮೊತ್ತ ಮರೆತರೆ ಮೂರನೇ ಮೇಲ್ ಬರೆಯಬೇಕಾಗುತ್ತದೆ.

ನಂತರ ಹಳೆಯ ಮೇಲ್‌ಗೇ ‘ರಿಪ್ಲೈ ಆಲ್’ ಒತ್ತಿ. ಆಗ ತಪ್ಪು ಮೊತ್ತ ನೋಡಿದವರಿಗೇ ಸರಿಯಾದದ್ದೂ ತಲುಪುತ್ತದೆ. ಒಕ್ಕಣೆ ಇಷ್ಟೇ ಇರಲಿ:

“ನಮಸ್ಕಾರ. ಬೆಳಿಗ್ಗೆ ಕಳಿಸಿದ ಕೊಟೇಶನ್‌ನಲ್ಲಿ ಬೆಲೆ 48,500 ಎಂದು ತಪ್ಪಾಗಿದೆ. ಸರಿಯಾದ ಬೆಲೆ 45,800. ಜಿಎಸ್‌ಟಿ ಸೇರಿ 54,044 ರೂಪಾಯಿ. ತಿದ್ದಿದ ಪ್ರತಿ ಲಗತ್ತಿಸಿದ್ದೇನೆ, ಹಿಂದಿನದನ್ನು ದಯವಿಟ್ಟು ಪರಿಗಣಿಸಬೇಡಿ. ತೊಂದರೆಗೆ ಕ್ಷಮೆಯಿರಲಿ.”

ತಪ್ಪು, ಸರಿ ಎರಡೂ ಅಂಕಿ ಬರೆದರೆ ಓದುವವರು ಹಳೆಯ ಮೇಲ್ ಹುಡುಕಬೇಕಿಲ್ಲ. ಹೊಸ ಫೈಲಿನ ಹೆಸರಿಗೆ ‘ತಿದ್ದುಪಡಿ’ ಎಂದು ಸೇರಿಸಿ. ಎರಡಕ್ಕೂ ಒಂದೇ ಹೆಸರಿದ್ದರೆ ಹಳೆಯದೇ ಪ್ರಿಂಟ್ ಆಗಬಹುದು. ತಪ್ಪು ಹೇಗಾಯಿತೆಂಬ ವಿವರಣೆ ಬೇಡ.

ಆದರೆ ಲಗತ್ತಿನಲ್ಲಿ ಬೇರೆಯವರ ಸಂಬಳದ ಪಟ್ಟಿ ಅಥವಾ ಆಧಾರ್ ಪ್ರತಿ ಹೋಗಿದ್ದರೆ ಇಷ್ಟು ಸಾಲದು. ತೆರೆಯದೆ ಅಳಿಸುವಂತೆ ಪಡೆದವರನ್ನು ಕೋರಿ, ಮೇಲಧಿಕಾರಿಗೆ ಕೂಡಲೇ ತಿಳಿಸಿ.