ಮುಟ್ಟು ನಿಂತ ಮೇಲೆ ಮೂಳೆ ಸವೆತ: ದಿನಕ್ಕೆ 1,200 ಮಿ.ಗ್ರಾಂ ಕ್ಯಾಲ್ಸಿಯಂ ಊಟದಲ್ಲೇ ಸಿಗುತ್ತಾ?

ಹೈದರಾಬಾದ್‌ನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ (ಎನ್‌ಐಎನ್) ವಿಜ್ಞಾನಿಗಳು ಬಡ ಕುಟುಂಬಗಳ 30ರಿಂದ 60 ವರ್ಷದ 289 ಮಹಿಳೆಯರ ಮೂಳೆ ಪರೀಕ್ಷಿಸಿ, 2005ರಲ್ಲಿ ವರದಿ ಪ್ರಕಟಿಸಿದ್ದರು. ಆ ಮಹಿಳೆಯರ ಊಟದಲ್ಲಿ ದಿನಕ್ಕೆ ಸಿಗುತ್ತಿದ್ದ ಕ್ಯಾಲ್ಸಿಯಂ ಸುಮಾರು 270 ಮಿ.ಗ್ರಾಂ ಮಾತ್ರ. ಸುಮಾರು ಶೇ 29ರಷ್ಟು ಮಂದಿಗೆ ಸೊಂಟದ ಕೀಲಿನ ಬಳಿ ಮೂಳೆ ಟೊಳ್ಳಾಗಿತ್ತು.

ಮುಟ್ಟು ನಿಂತ ಮಹಿಳೆಯರಿಗೆ ಐಸಿಎಂಆರ್-ಎನ್‌ಐಎನ್ 2020ರಲ್ಲಿ ಶಿಫಾರಸು ಮಾಡಿದ್ದು ದಿನಕ್ಕೆ 1,200 ಮಿ.ಗ್ರಾಂ. ಮೂಳೆ ಕರಗದಂತೆ ತಡೆಯುವ ಈಸ್ಟ್ರೋಜೆನ್ ಹಾರ್ಮೋನ್ ಮುಟ್ಟು ನಿಲ್ಲುವಾಗ ಕುಸಿಯುತ್ತದೆ. ಹೀಗಾಗಿ ಮೊದಲ 5-7 ವರ್ಷಗಳಲ್ಲಿ ಸವೆತ ಅತಿ ವೇಗ.

ತಟ್ಟೆಯಲ್ಲಿ ಏನಿರಬೇಕು?

100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ 10 ಮಿ.ಗ್ರಾಂ ಕ್ಯಾಲ್ಸಿಯಂ ಕೂಡ ಇಲ್ಲ. ಅಷ್ಟೇ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಇದೆ. ಒಂದು ದಿನದ ಲೆಕ್ಕ ನೋಡಿ: 75 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಿಂದ 270, ಎರಡು ಲೋಟ (400 ಮಿ.ಲೀ) ಹಾಲಿನಿಂದ 470, ಒಂದು ಬಟ್ಟಲು ಮೊಸರಿನಿಂದ 180, 50 ಗ್ರಾಂ ದಂಟಿನ ಸೊಪ್ಪಿನಿಂದ 165, ಒಂದು ದೊಡ್ಡ ಚಮಚ ಸಿಪ್ಪೆ ಸಹಿತ ಎಳ್ಳಿನಿಂದ 120 ಮಿ.ಗ್ರಾಂ. ಒಟ್ಟು 1,200 ದಾಟುತ್ತದೆ. ಆದರೆ ರಾಗಿ, ಸೊಪ್ಪು, ಎಳ್ಳಿನ ಕ್ಯಾಲ್ಸಿಯಂ ಹಾಲಿನದ್ದರಷ್ಟು ಸುಲಭವಾಗಿ ದೇಹಕ್ಕೆ ಸೇರುವುದಿಲ್ಲ. ಹಾಗಾಗಿ ಹಾಲು-ಮೊಸರು ಬಿಟ್ಟವರು ಕೊರತೆಯಷ್ಟು ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಮಾತ್ರೆಯನ್ನು ಒಮ್ಮೆಗೆ 500 ಮಿ.ಗ್ರಾಂಗಿಂತ ಹೆಚ್ಚು ಬೇಡ. ಕಬ್ಬಿಣಾಂಶ ಅಥವಾ ಥೈರಾಯ್ಡ್ ಮಾತ್ರೆಯ ಜೊತೆಗೂ ಬೇಡ.

ವಿಟಮಿನ್ ಡಿ: ವಾರದ್ದನ್ನು ದಿನಾ ನುಂಗಬೇಡಿ

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ವಿಟಮಿನ್ ಡಿ ಬೇಕು. ವಯಸ್ಕರಿಗೆ ದಿನಕ್ಕೆ 600 ಐಯು ಸಾಕು. ಕೊರತೆ ಇದ್ದವರಿಗೆ ವೈದ್ಯರು ಬರೆಯುವ 60,000 ಐಯು ಪುಡಿ ಅಥವಾ ಕ್ಯಾಪ್ಸೂಲ್ ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವೇ ವಾರ. ಅದನ್ನು ದಿನಾ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ವಾಕರಿಕೆ, ಅತಿ ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ ಇದರ ಸೂಚನೆ.

ಮೂಳೆಗೆ ಭಾರ ಬೀಳಬೇಕು

ಮೈಭಾರ ಕಾಲಿನ ಮೇಲೆ ಬಿದ್ದಾಗ ಮೂಳೆ ಗಟ್ಟಿಯಾಗುತ್ತದೆ. ಬಿರುಸಿನ ನಡಿಗೆ, ಮೆಟ್ಟಿಲು ಹತ್ತುವುದು ಇದಕ್ಕೆ ಸರಿ. ಈಜು, ಸೈಕ್ಲಿಂಗ್ ಹೃದಯಕ್ಕೆ ಒಳ್ಳೆಯದಾದರೂ ಮೂಳೆಗೆ ಸಾಲದು. ವಾರಕ್ಕೆರಡು ದಿನ ನೀರಿನ ಬಾಟಲಿ ಹಿಡಿದು ತೋಳಿನ ವ್ಯಾಯಾಮ, ಕುರ್ಚಿಯಿಂದ ಕೈ ಊರದೆ ಏಳುವ ಅಭ್ಯಾಸ ಸೇರಿಸಬಹುದು. ಮೂಳೆ ಈಗಾಗಲೇ ಟೊಳ್ಳಾಗಿದ್ದರೆ ಸೊಂಟ ಬಗ್ಗಿಸಿ ಕಾಲ್ಬೆರಳು ಮುಟ್ಟುವ ವ್ಯಾಯಾಮ ಬೇಡ, ಬೆನ್ನುಮೂಳೆ ಕುಸಿಯಬಹುದು.

ಇವು ಸವೆತವನ್ನು ನಿಧಾನಿಸುತ್ತವೆಯೇ ಹೊರತು ಈಸ್ಟ್ರೋಜೆನ್ ಜಾಗ ತುಂಬುವುದಿಲ್ಲ. ಎತ್ತರ ಕುಗ್ಗಿದರೆ, ಬೆನ್ನು ಬಾಗಿದರೆ, ಸಣ್ಣದಾಗಿ ಬಿದ್ದರೂ ಮೂಳೆ ಮುರಿದರೆ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅದರ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಹಾರವೊಂದೇ ಸಾಲದು, ಔಷಧದ ಬಗ್ಗೆ ವೈದ್ಯರೊಂದಿಗೆ ಮಾತನಾಡಬೇಕು.